ಸಹಾಯ ಬೇಕು: ಮರುಮದುವೆಯಾದರೆ ಕುಟುಂಬ ಪಿಂಚಣಿ ಮಗಳ ಹೆಸರಿಗೆ ಮಾಡಿಸುವುದು ಹೇಗೆ?

ನಮಸ್ಕಾರ. ಮೈಸೂರಿನಲ್ಲಿರುವ ನಮ್ಮ ಸೋದರತ್ತೆಗೆ 55, ಅವರ ಕೈಹಿಡಿಯಲಿರುವವರಿಗೆ 62. ಇಬ್ಬರ ಸಂಗಾತಿಗಳೂ ತೀರಿಕೊಂಡಿದ್ದಾರೆ. ವಿಶೇಷ ವಿವಾಹ ಕಾಯ್ದೆಯಡಿ ನೋಟಿಸ್ ಕೊಟ್ಟು 30 ದಿನ ಕಾಯಬೇಕು, ಮೂವರು ಸಾಕ್ಷಿಗಳು ಬೇಕು, ಅದಕ್ಕೆಲ್ಲ ತಯಾರಿದ್ದೇವೆ.

ತೊಡಕಿರುವುದು ಪಿಂಚಣಿಯಲ್ಲಿ. ಅತ್ತೆಗೆ ಬರುತ್ತಿರುವುದು ಕೇಂದ್ರ ಸರ್ಕಾರದ ಕುಟುಂಬ ಪಿಂಚಣಿ. ಮಕ್ಕಳಿರುವ ವಿಧವೆ ಮತ್ತೆ ಮದುವೆಯಾದರೆ ಅದು ನಿಲ್ಲುತ್ತದೆ. ಬ್ಯಾಂಕಿಗೆ ತಿಳಿಸುವುದು ತಡವಾದರೆ, ಮದುವೆಯ ನಂತರ ಜಮೆಯಾದ ಹಣವನ್ನು ವಾಪಸ್ ಕಟ್ಟಬೇಕಾಗುತ್ತದೆ. ಒಬ್ಬಳೇ ಮಗಳಿಗೆ 22, ಇನ್ನೂ ಓದುತ್ತಿದ್ದಾಳೆ, ಮದುವೆಯಾಗಿಲ್ಲ. ಹಾಗಾಗಿ ಕೆಲಸವೋ ಮದುವೆಯೋ ಆಗುವವರೆಗೆ ಪಿಂಚಣಿ ಅವಳಿಗೆ ಸಲ್ಲಬೇಕು. ಆದರೆ ಪಿಂಚಣಿ ಪಾವತಿ ಆದೇಶದಲ್ಲಿ, ಅಂದರೆ ಪಿಪಿಓದಲ್ಲಿ, ಅವಳ ಹೆಸರಿಲ್ಲ.

ಇದನ್ನು ಮಾಡಿಸಿದವರು ದಯವಿಟ್ಟು ತಿಳಿಸಿ: ಹೆಸರು ಸೇರಿಸಲು ಮಾವ ದುಡಿದ ಕಚೇರಿಗೆ ಮದುವೆಗೆ ಮೊದಲೇ ಅರ್ಜಿ ಹಾಕಬಹುದೇ? ಯಾವ ದಾಖಲೆ ಕೇಳಿದರು?