ಸಹಾಯ ಬೇಕು: ಅಪ್ಪನ ಡಿಸ್ಚಾರ್ಜ್ ಸಮ್ಮರಿಯನ್ನು ಟೇಬಲ್ ಮಾಡುವುದು ಹೇಗೆ?

ನಮಸ್ಕಾರ. ಮೊನ್ನೆ ಅಪ್ಪನನ್ನು ಆಸ್ಪತ್ರೆಯಿಂದ ಶಿರಸಿಗೆ ಕರೆತಂದೆವು. ಮಾತ್ರೆ ಕೊಡುವವಳು ಅಮ್ಮ. ಸಮ್ಮರಿಯಲ್ಲಿ ಎಲ್ಲ ಒತ್ತೊತ್ತಾಗಿದೆ, ಅವಳಿಗೆ ಓದಲಾಗುವುದಿಲ್ಲ. ಅದಕ್ಕೇ ಎಕ್ಸೆಲ್‌ಗೆ ಹಾಕಿದೆ.

ಮೆಟ್‌ಫಾರ್ಮಿನ್ 500ರ ಎದುರಿದ್ದ 1-1-1, ಅಂದರೆ ಮೂರು ಹೊತ್ತೂ ಒಂದೊಂದು, 01-01-2001 ಅಂತ ತಾರೀಖಾಗಿಬಿಟ್ಟಿತು! ಪ್ಯಾಂಟೊಪ್ರಜೋಲ್‌ನ 1-0-0 ಹಾಗೇ ಉಳಿದಿದ್ದರಿಂದ ಮೊದಲು ಗಮನಕ್ಕೇ ಬರಲಿಲ್ಲ. ಕಾಲಮ್ಮನ್ನು ಮೊದಲೇ Text ಮಾಡಿ ಮತ್ತೆ ಬರೆದೆ, ಸರಿಯಾಯಿತು.

ಈಗ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಬೇರೆ ಬೇರೆ ಬೇಕು. Text to Columns ಅಲ್ಲಿ ಅಡ್ಡಗೆರೆ ಕೊಟ್ಟರೆ ಒಡೆಯುತ್ತದೆ. ಆದರೆ ಜ್ವರ ಬಂದರಷ್ಟೇ ಕೊಡುವ ಪ್ಯಾರಾಸಿಟಮಾಲ್‌ನ SOS ಬೆಳಿಗ್ಗೆಯ ಕಾಲಮ್ಮಿಗೆ ಹೋಗಿ ಕೂರುತ್ತದೆ. ಅಮ್ಮ ದಿನಾ ಕೊಟ್ಟುಬಿಟ್ಟರೆ? ಅದನ್ನೂ, ಏಳು ದಿನ ಬಿಟ್ಟು ತೋರಿಸಲು ಹೇಳಿದ್ದನ್ನೂ ಎಲ್ಲಿ ಬರೆಯಲಿ? ಮಾಡಿ ಗೊತ್ತಿರುವವರು ದಯವಿಟ್ಟು ತಿಳಿಸಿ.