‘ಬಂದನಂತೆ’ ಇಂಗ್ಲಿಷಿಗೆ ಹೋಗುವಾಗ ಆ ‘ಅಂತೆ’ ಏನಾಗಬೇಕು?

ಎಲ್ಲರಿಗೂ ನಮಸ್ಕಾರ. ನಾನೇ ಬರೆದ ಕತೆಯೊಂದರ ತುಣುಕನ್ನು ಇಂಗ್ಲಿಷಿಗೆ ತರುತ್ತಿದ್ದೇನೆ. ಒಬ್ಬಾಕೆ ಪಕ್ಕದ ಮನೆಯ ಸುದ್ದಿ ಹೇಳುತ್ತಿದ್ದಾಳೆ:

“ನಿನ್ನೆ ಅವನು ಮನೆಗೆ ಬಂದನಂತೆ. ಬಂದವನೇ ಹೆಗಲ ಚೀಲವನ್ನೂ ಇಳಿಸದೆ ಕೂತುಬಿಟ್ಟನಂತೆ. ಯಾರು ಏನು ಕೇಳಿದರೂ ಮಾತೇ ಇಲ್ಲವಂತೆ. ಆಮೇಲೆ ಎದ್ದು ಹೋದನಂತೆ. ನನಗೇನು ಗೊತ್ತು, ನಾನೇನು ಅಲ್ಲಿದ್ದೆನಾ?”

ಪ್ರತಿ ‘ಅಂತೆ’ಗೂ ‘ಇಟ್ ಸೀಮ್ಸ್’ ಹಾಕಿದೆ, ನಾಲ್ಕು ಸಲ. ಓದಿದ ಗೆಳತಿ “ಈಕೆಗೆ ಯಾವುದೂ ಖಾತ್ರಿ ಇಲ್ವಾ?” ಅಂದಳು. ಆದರೆ ನನ್ನ ಕತೆಯ ಆಕೆಗೆ ಅನುಮಾನವೇ ಇಲ್ಲ, ಬಾಯಿ ಚಪ್ಪರಿಸಿಕೊಂಡು ಹೇಳುತ್ತಿದ್ದಾಳೆ. ಏನು ಮಾಡಲಿ?
– ಸು.

ಸುಲಭ. ‘ಅಂತೆ’ ಅಂದರೆ ಅನುಮಾನ. ಮೊದಲಲ್ಲಿ ಒಂದೇ ಒಂದು ‘ಅಪರೆಂಟ್ಲಿ’ ಹಾಕಿ, ಉಳಿದ ಮೂರನ್ನೂ ಕಿತ್ತುಹಾಕಿ. ಇಂಗ್ಲಿಷ್ ಓದುವವರಿಗೆ ಅಷ್ಟು ಸಾಕು.
– ರಾ.

ನನಗೂ ‘ಅಂತೆ’ ಕಾಟ ಕೊಟ್ಟಿದೆ. ‘ಅವರು ಹೇಳಿದಂತೆ ಮಾಡಿದೆ’ ಅನ್ನುವುದಕ್ಕೆ ‘ಆ್ಯಸ್’ ಹಾಕಿದೆ, ಸರಿಹೋಯಿತು. ನೀವೂ ಅದನ್ನೇ ಹಾಕಿ ನೋಡಬಾರದೇಕೆ?
– ವೆಂ.

ವೆಂ. ಅವರೇ, ಅದು ಬೇರೆ ‘ಅಂತೆ’. ‘ಬಂದಂತೆ’ ಅಂದರೆ ಬಂದ ಹಾಗೆ. ‘ಬಂದನಂತೆ’ ಅಂದರೆ ಬಂದ ಎಂದು ಯಾರೋ ಹೇಳಿದರು. ನಡುವಿನ ಆ ‘ನ’ ಒಂದರಿಂದಲೇ ಅರ್ಥ ಬದಲಾಗಿದೆ.

ರಾ. ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಕೆಲವನ್ನು ಬಿಡಬಹುದು. ಆದರೆ ‘ಅಂತೆ’ ಅನುಮಾನವಲ್ಲ. ಬೆಳಗ್ಗೆ ಎದ್ದು ಒದ್ದೆ ನೆಲ ನೋಡಿದರೆ ‘ಮಳೆ ಬಂದಿರಬೇಕು’ ಅನ್ನುತ್ತೇವೆ. ಮಳೆ ಬಂತು ಅಂತ ಯಾರಾದರೂ ಫೋನಿನಲ್ಲಿ ಹೇಳಿದರೆ ‘ಮಳೆ ಬಂತಂತೆ’ ಅನ್ನುತ್ತೇವೆ. ಇಂಗ್ಲಿಷಿನ ‘ಇಟ್ ಸೀಮ್ಸ್’ ಹೆಚ್ಚಾಗಿ ಆ ಒದ್ದೆ ನೆಲದ ಮಾತು, ಕಂಡದ್ದರಿಂದ ಊಹಿಸಿದ್ದು. ಕೇಳಿದ್ದನ್ನು ಹೇಳುವುದಕ್ಕೂ ಅದನ್ನೇ ಬಳಸುವುದು ನಮ್ಮವರ ಇಂಗ್ಲಿಷಿನ ಅಭ್ಯಾಸ. ನಿಮ್ಮ ಗೆಳತಿ ಎಡವಿದ್ದು ಅಲ್ಲೇ. ಕೇಳಿದ ಮಾತಿಗೆ ‘ಐ ಹಿಯರ್’, ‘ದೇ ಟೆಲ್ ಮಿ’ ಹತ್ತಿರ.

ಇನ್ನು ‘ಬಂದವನೇ’, ‘ಕೂತುಬಿಟ್ಟ’. ‘ಹ್ಯಾವಿಂಗ್ ಕಮ್’ ಅಂತ ಶುರುಮಾಡಿದರೆ ಆಕೆ ನಾಲಗೆಯ ಮೇಲೆ ಅರ್ಜಿ ಬರೆದ ಹಾಗಿರುತ್ತದೆ! ‘ಬಿಡು’ ಇಲ್ಲಿ ಬಿಡುವುದಲ್ಲ. ಯಾರೂ ಎಣಿಸದ್ದು ನಡೆದೇ ಹೋಯಿತು ಅನ್ನುವ ಬೆರಗು ಅದು. ಇಂಗ್ಲಿಷಿನಲ್ಲಿ ಆ ಕೆಲಸವನ್ನು ‘ಜಸ್ಟ್’ ಮಾಡುತ್ತದೆ. ‘ಚೀಲವನ್ನೂ’ ಎಂಬುದರ ‘ಊ’ಗೆ ‘ಈವನ್’ ಇದೆ, ಆದರೆ ಅದು ಕ್ರಿಯಾಪದದ ಹತ್ತಿರ ಹೋಗಿ ನಿಲ್ಲುತ್ತದೆ. ನಾನಾದರೆ ಹೀಗೆ ಬರೆಯುತ್ತಿದ್ದೆ:

“ಸೋ ಹಿ ಕೇಮ್ ಹೋಮ್ ಯೆಸ್ಟರ್‌ಡೇ, ಐ ಹಿಯರ್. ಡಿಡಂಟ್ ಈವನ್ ಟೇಕ್ ಹಿಸ್ ಬ್ಯಾಗ್ ಆಫ್, ಜಸ್ಟ್ ಸ್ಯಾಟ್ ಡೌನ್. ನಾಟ್ ಎ ವರ್ಡ್ ಔಟ್ ಆಫ್ ಹಿಮ್, ಹೂಎವರ್ ಆಸ್ಕ್ಡ್. ದೆನ್ ಹಿ ಗಾಟ್ ಅಪ್ ಅಂಡ್ ಲೆಫ್ಟ್. ಆರ್ ಸೋ ದೇ ಟೆಲ್ ಮಿ. ಐ ವಾಸಂಟ್ ದೇರ್, ವಾಸ್ ಐ?”

ನಾಲ್ಕು ‘ಅಂತೆ’ಯಲ್ಲಿ ಎರಡು ಉಳಿದಿವೆ. ಎರಡನೆಯದನ್ನು ಬೇಕೆಂದೇ ಕೊನೆಗೆ ಇಟ್ಟೆ. ಅದಿಲ್ಲದಿದ್ದರೆ ಆಕೆ ಕೈ ತೊಳೆದುಕೊಳ್ಳುವ ಕೊನೆಯ ಮಾತಿಗೆ ನೆಲೆ ಸಿಗುವುದಿಲ್ಲ. ‘ನನಗೇನು ಗೊತ್ತು’ ಅನ್ನುವುದನ್ನು ಬಿಟ್ಟಿದ್ದೇನೆ. ‘ವಾಟ್ ಡು ಐ ನೋ’ ಅಂತ ಪದಕ್ಕೆ ಪದ ಇಟ್ಟರೆ, ತನ್ನ ಅಭಿಪ್ರಾಯ ಹೇಳಿ ಆಮೇಲೆ ಸುಮ್ನೆ ತಗ್ಗಿದ ಹಾಗೆ ಕೇಳುತ್ತದೆ.

ಎಲ್ಲ ಕಡೆ ಇದೇ ಲೆಕ್ಕ ಅಲ್ಲ. ‘ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ’ ಅನ್ನುವಾಗ ‘ಐ ಹಿಯರ್’ ಹಾಕಿದರೆ ಮಕ್ಕಳೇ ನಗುತ್ತಾರೆ. ಅಲ್ಲಿ ‘ವನ್ಸ್ ದೇರ್ ವಾಸ್ ಎ ಕಿಂಗ್’ ಸಾಕು.
– ನಾ.

ಚೆನ್ನಾಗಿದೆ. ಆದರೆ ‘ಅಂತೆ, ಅಂತೆ, ಅಂತೆ’ ಅನ್ನುವ ಆ ಬಡಿತ ಹೋಯಿತಲ್ಲ? ಅದೇ ಅಲ್ವಾ ಹರಟೆ?
– ಸು.

ಹೋಯಿತು. ಚಿಕ್ಕ ವಾಕ್ಯಗಳಲ್ಲಿ ಸ್ವಲ್ಪ ಹಿಡಿದೆ, ಅಷ್ಟೇ.
– ನಾ.

ನನ್ನ ಮಾತು ವಾಪಸ್, ಅನುಮಾನ ಅಂದದ್ದು ತಪ್ಪು. ಆದರೆ ಈಗ ನನಗೆ ಬೇರೆ ಅನ್ನಿಸುತ್ತಿದೆ. ಈಕೆ ಕನ್ನಡದವಳು. ಅವಳ ಬಾಯಲ್ಲಿ ‘ಇಟ್ ಸೀಮ್ಸ್’ ಇರಲಿ ಬಿಡಿ, ಒಂದೆರಡಾದರೂ. ನಮ್ಮ ಇಂಗ್ಲಿಷ್ ಅದೇ ತಾನೇ?
– ರಾ.

ಆಕೆ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರೆ ಒಪ್ಪುತ್ತಿದ್ದೆ. ಆಕೆ ಆಡುತ್ತಿರುವುದು ಕನ್ನಡ, ಅದೂ ಸಲೀಸಾಗಿ. ಇಂಗ್ಲಿಷಿನಲ್ಲಿ ಮಾತ್ರ ಅವಳನ್ನು ತಡವರಿಸುವವಳ ಹಾಗೆ ಯಾಕೆ ಮಾಡಬೇಕು?
– ನಾ.

ತಡವರಿಕೆ ಅಂತ ಯಾರು ಹೇಳಿದರು? ನನ್ನ ಕಿವಿಗೆ ಅದು ಸಲೀಸೇ.
– ರಾ.

ಎರಡೂ ಬಗೆ ಬರೆದು ಗೆಳತಿಗೆ ಓದಿಸುತ್ತೇನೆ. ‘ಆರ್ ಸೋ ದೇ ಟೆಲ್ ಮಿ’ ಮಾತ್ರ ಈಗಲೇ ತಗೊಂಡೆ.
– ಸು.