ಸಹಾಯ ಬೇಕು: ಅಮ್ಮನ ಕಣ್ಣಿನ ಕೆಳಗಿನ ಕಪ್ಪು ನೆರಳೋ, ಬಣ್ಣವೋ, ಆಯಾಸವೋ?

ಎಲ್ಲರಿಗೂ ನಮಸ್ಕಾರ. ಅಮ್ಮನ ಫೋಟೋ ನೋಡಿದವರೆಲ್ಲ "ನಿದ್ದೆ ಮಾಡ್ತಾ ಇಲ್ವಾ" ಅಂತ ಕೇಳುತ್ತಾರೆ. ಅವರು ಚೆನ್ನಾಗಿಯೇ ನಿದ್ದೆ ಮಾಡುತ್ತಾರೆ. ಹಾಗಾಗಿ ಸರಿಯಾಗಿ ಪರೀಕ್ಷೆ ಮಾಡೋಣ ಅಂತ ಕೂತೆ.

ಮೊದಲು ಹಾಲ್‌ನಲ್ಲಿ, ತಲೆಯ ಮೇಲಿನ ಟ್ಯೂಬ್‌ಲೈಟ್ ಕೆಳಗೆ ತೆಗೆದೆ. ಕಪ್ಪು ಜಾಸ್ತಿ ಇತ್ತು. ಆಮೇಲೆ ಕಿಟಕಿಗೆ ಮುಖ ಮಾಡಿ ಕೂರಿಸಿ, ಮಡಿಲಲ್ಲಿ ಬಿಳಿ ಟವೆಲ್ ಹಾಸಿ ತೆಗೆದಾಗ ಮೂಗಿನ ಪಕ್ಕದಿಂದ ಕೆನ್ನೆಗೆ ಇಳಿಯುವ ಕಪ್ಪು ಗೆರೆ ಹೆಚ್ಚುಕಡಿಮೆ ಮಾಯ. ಅಂದರೆ ಅದು ಅಲ್ಲಿನ ತಗ್ಗಿನ ನೆರಳು, ಅಲ್ವಾ? ಆದರೆ ಕಂದು ಬಣ್ಣ ಹಾಗೇ ಉಳಿಯಿತು, ಮೇಲಿನ ರೆಪ್ಪೆಯ ಮೇಲೂ ಇದೆ. ಬೆರಳಿನಿಂದ ಚರ್ಮವನ್ನು ಮೆಲ್ಲಗೆ ಎಳೆದರೂ ಕಂದು ಹೋಗಲಿಲ್ಲ, ಹಾಗಾಗಿ ಅದು ಚರ್ಮದ್ದೇ ಬಣ್ಣ ಅಂದುಕೊಂಡೆ. ಅಜ್ಜಿಗೂ ಹೀಗೇ ಇತ್ತು.

ನನಗೆ ಗೊತ್ತಾಗದೇ ಇರುವುದು ಒಳಮೂಲೆಯ ನೀಲಿ ಛಾಯೆ. ತೆಳು ಚರ್ಮದಡಿಯ ರಕ್ತನಾಳ ಇರಬಹುದು, ಎಳೆದಾಗ ಅದು ಇನ್ನೂ ಎದ್ದು ಕಾಣುತ್ತದೆ. ನಿದ್ದೆಗೆಟ್ಟ ದಿನ ಜಾಸ್ತಿ ಆಗುತ್ತದಾ ಅಂತ ನೋಡಲು ಅದೇ ಕಿಟಕಿಯಲ್ಲಿ, ಅದೇ ಹೊತ್ತಿಗೆ 5 ದಿನ ತೆಗೆದೆ. ಆದರೆ ಫೋನ್ ಪ್ರತಿ ಸಲ ಬಣ್ಣ ತಾನೇ ಬದಲಿಸುತ್ತದೆ, ಒಂದು ದಿನ ಮುಖ ಹಳದಿ, ಇನ್ನೊಂದು ದಿನ ನೀಲಿ, ಹೋಲಿಸುವುದು ಹೇಗೆ? ಬ್ಯೂಟಿ ಮೋಡ್ ಆಫ್ ಮಾಡಿದ್ದೇನೆ. ಕೆನ್ನೆ ಪಕ್ಕ ಬಿಳಿ ಕಾಗದ ಹಿಡಿದು, ಅದರ ಪ್ರಕಾರ ಆಮೇಲೆ ವೈಟ್ ಬ್ಯಾಲೆನ್ಸ್ ಸರಿ ಮಾಡಿದರೆ ಸಾಕಾ, ಅಥವಾ ಗ್ರೇ ಕಾರ್ಡೇ ಬೇಕಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.